ಸೊನ್ನೆ ಒಂದೇ, ಉತ್ತರ ಎರಡು ಹೇಗೆ? ಎಸಿ ಬ್ರಿಡ್ಜ್‌ನಲ್ಲಿ ಕಾಯಿಲ್ ಅಳೆಯುವುದು

ಓದುಗರ ಪ್ರಶ್ನೆ: ಮ್ಯಾಕ್ಸ್‌ವೆಲ್ ಬ್ರಿಡ್ಜ್ ಪ್ರಯೋಗದಲ್ಲಿ ಡಿಟೆಕ್ಟರ್ ಸೊನ್ನೆಗೆ ಬರುವ ಹಾಗೆ ನಾಬ್ ತಿರುಗಿಸುತ್ತೇವೆ. ಆ ಒಂದು ಸೊನ್ನೆಯಿಂದ ಕಾಯಿಲ್‌ನ ಇಂಡಕ್ಟನ್ಸ್, ರೆಸಿಸ್ಟನ್ಸ್ ಎರಡೂ ಸಿಗುತ್ತವೆ ಅಂತಾರೆ. ಒಂದು ಸಮೀಕರಣದಿಂದ ಎರಡು ಗೊತ್ತಿಲ್ಲದ ಬೆಲೆ ಹೇಗೆ ಬರುತ್ತದೆ?

ಉತ್ತರ: ಅದು ಒಂದು ಸಮೀಕರಣದ ಹಾಗೆ ಕಾಣುತ್ತದೆ ಅಷ್ಟೇ. ಒಳಗೆ ಎರಡಿವೆ.

ಡಿಸಿಯ ವೀಟ್‌ಸ್ಟನ್ ಬ್ರಿಡ್ಜ್‌ನಲ್ಲಿ ಎರಡು ಬಿಂದುಗಳ ವೋಲ್ಟೇಜ್ ಸಮವಾದರೆ ಕೆಲಸ ಮುಗಿಯಿತು. ಎಸಿಯಲ್ಲಿ ಅಷ್ಟು ಸಾಲದು. ಡಿಟೆಕ್ಟರ್‌ನ ಒಂದು ತುದಿಯಲ್ಲಿ 1 ವೋಲ್ಟ್, ಇನ್ನೊಂದು ತುದಿಯಲ್ಲೂ 1 ವೋಲ್ಟ್ ಇದೆ ಅಂದುಕೊಳ್ಳಿ. ಆದರೆ ಒಂದು ಅಲೆ ಇನ್ನೊಂದಕ್ಕಿಂತ 5 ಡಿಗ್ರಿ ಹಿಂದೆ ಓಡುತ್ತಿದೆ. ಆಗ ಅವೆರಡರ ನಡುವೆ ಇನ್ನೂ ಸುಮಾರು 87 ಮಿಲಿವೋಲ್ಟ್ ಉಳಿದಿರುತ್ತದೆ. ಡಿಟೆಕ್ಟರ್ ಆಗಿ ಹಾಕಿದ ಹೆಡ್‌ಫೋನ್‌ನಲ್ಲಿ ಅದು ಜೋರಾಗಿಯೇ ಕೇಳಿಸುತ್ತದೆ. ನಿಜವಾದ ಸೊನ್ನೆ ಬರಬೇಕಾದರೆ ಅಲೆಗಳ ಎತ್ತರವೂ ಒಂದೇ ಇರಬೇಕು, ಫೇಸ್ ಕೂಡ ಒಂದೇ ಇರಬೇಕು. ಎರಡು ಷರತ್ತು, ಹಾಗಾಗಿ ಎರಡು ಉತ್ತರ.

ಇದನ್ನು ಲೆಕ್ಕದಲ್ಲಿ ನೋಡೋಣ. ಮ್ಯಾಕ್ಸ್‌ವೆಲ್ ಬ್ರಿಡ್ಜ್‌ನ ಒಂದು ತೋಳಿನಲ್ಲಿ ನಮ್ಮ ಕಾಯಿಲ್ ಇರುತ್ತದೆ, ಅದರ ರೆಸಿಸ್ಟನ್ಸ್ Rx, ಇಂಡಕ್ಟನ್ಸ್ Lx. ಕಾಯಿಲ್‌ನ ಅಕ್ಕಪಕ್ಕದ ಎರಡು ತೋಳುಗಳಲ್ಲಿ ಬರೀ ರೆಸಿಸ್ಟರ್‌ಗಳು, R2 ಮತ್ತು R3. ಕಾಯಿಲ್‌ಗೆ ಎದುರಿನ ತೋಳಿನಲ್ಲಿ ಕೆಪ್ಯಾಸಿಟರ್ C4 ಮತ್ತು ರೆಸಿಸ್ಟರ್ R4 ಪ್ಯಾರಲಲ್ ಆಗಿ ಕೂತಿರುತ್ತವೆ. ಎದುರುಬದುರು ತೋಳುಗಳ ಇಂಪಿಡೆನ್ಸ್‌ಗಳ ಗುಣಲಬ್ಧ ಸಮ ಇರಬೇಕು ಅನ್ನುವುದೇ ಬ್ಯಾಲೆನ್ಸ್‌ನ ನಿಯಮ. ಪ್ಯಾರಲಲ್ ತೋಳನ್ನು ಇನ್ನೊಂದು ಬದಿಗೆ ಒಯ್ದರೆ ಹೀಗಾಗುತ್ತದೆ:

```
Rx + jωLx = R2·R3·(1/R4 + jωC4)
```

ಎಡಗಡೆ j ಇಲ್ಲದ ಭಾಗ ಒಂದು, j ಇರುವ ಭಾಗ ಒಂದು. ಬಲಗಡೆಯೂ ಹಾಗೆಯೇ. j ಇಲ್ಲದ್ದು j ಇರುವುದನ್ನು ಎಂದೂ ಸರಿದೂಗಿಸಲಾರದು. ಆದ್ದರಿಂದ ಎರಡನ್ನೂ ಬೇರೆ ಬೇರೆಯಾಗಿ ಸಮ ಮಾಡಬೇಕು:

```
Rx = R2·R3 / R4
Lx = R2·R3·C4
```

ಎರಡನೇ ಸಾಲಿನಲ್ಲಿ ω ಎರಡೂ ಕಡೆಯಿಂದ ಹೊರಟುಹೋಯಿತು. ಈ ಬ್ರಿಡ್ಜ್ ಇಷ್ಟೊಂದು ಬಳಕೆಯಲ್ಲಿರುವುದಕ್ಕೆ ಅದೇ ಮುಖ್ಯ ಕಾರಣ ಅಂತ ನನಗನ್ನಿಸುತ್ತದೆ. ಆಸಿಲೇಟರ್‌ನ ಡಯಲ್ 1000 ಹರ್ಟ್ಸ್ ಅಂತ ತೋರಿಸಿ ನಿಜಕ್ಕೂ 980 ಹರ್ಟ್ಸ್ ಕೊಡುತ್ತಿದ್ದರೂ Lx ಲೆಕ್ಕ ಕೆಡುವುದಿಲ್ಲ.

ಈಗ ಒಂದು ಕಾಯಿಲ್ ತೆಗೆದುಕೊಳ್ಳೋಣ. R2, R3 ಎರಡೂ 1000 ಓಮ್. ಸಪ್ಲೈ 1 ಕಿಲೋಹರ್ಟ್ಸ್. C4 0.0842 ಮೈಕ್ರೋಫ್ಯಾರಡ್, R4 20,000 ಓಮ್ ಇದ್ದಾಗ ಶಬ್ದ ನಿಂತಿತು. R2·R3 ಅಂದರೆ ಹತ್ತು ಲಕ್ಷ. ಅದನ್ನು C4ರಿಂದ ಗುಣಿಸಿದರೆ Lx 0.0842 ಹೆನ್ರಿ, ಅಂದರೆ 84.2 ಮಿಲಿಹೆನ್ರಿ. R4ರಿಂದ ಭಾಗಿಸಿದರೆ Rx 50 ಓಮ್. ಕಾಯಿಲ್‌ನ Q ಬೇಕಿದ್ದರೆ ωLx ಅನ್ನು Rxನಿಂದ ಭಾಗಿಸಿ. ಸುಮಾರು 529 ಓಮ್ ಅನ್ನು 50ರಿಂದ ಭಾಗಿಸಿದರೆ 10.6 ಬರುತ್ತದೆ.

ಪರೀಕ್ಷೆಗೆ ಇಷ್ಟು ಸಾಕು. ಆದರೆ ಲ್ಯಾಬ್‌ನಲ್ಲಿ ನಿಜವಾದ ತಲೆನೋವು ಆ ಸೊನ್ನೆಯನ್ನು ಹುಡುಕುವುದು, ಅಲ್ವಾ? ಕೆಲವರ ಬ್ರಿಡ್ಜ್ ಎರಡು ನಿಮಿಷದಲ್ಲಿ ಬ್ಯಾಲೆನ್ಸ್ ಆಗುತ್ತದೆ, ಪಕ್ಕದವರದ್ದು ಅರ್ಧ ಗಂಟೆಯಾದರೂ ಆಗುವುದಿಲ್ಲ. ಕೈಚಳಕ ಅಂತ ಸುಮ್ನೆ ಹೇಳಿಬಿಡುತ್ತಾರೆ. ಹೆಚ್ಚಿನ ಸಲ ಕಾರಣ ಬೇರೆಯೇ ಇರುತ್ತದೆ: ಯಾವ ಎರಡು ನಾಬ್‌ಗಳನ್ನು ತಿರುಗಿಸುತ್ತಿದ್ದೀರಿ ಅನ್ನುವುದು.

ಸೊನ್ನೆಯನ್ನು ಊರಿನ ಒಂದು ಮನೆ ಅಂದುಕೊಳ್ಳಿ. ನಿಮ್ಮ ಎರಡು ನಾಬ್‌ಗಳು ಅಲ್ಲಿಗೆ ಹೋಗುವ ಎರಡು ದಿಕ್ಕಿನ ಬೀದಿಗಳು. ಒಂದು ಪೂರ್ವಕ್ಕೆ, ಇನ್ನೊಂದು ನೇರ ಉತ್ತರಕ್ಕೆ ಹೋದರೆ, ಮೊದಲು ಪೂರ್ವಕ್ಕೆ ಆಗುವಷ್ಟು ನಡೆದು, ಆಮೇಲೆ ಉತ್ತರಕ್ಕೆ ತಿರುಗಿದರೆ ಮನೆ ಸಿಕ್ಕಿತು. ಎರಡೂ ಬೀದಿ ಹೆಚ್ಚುಕಡಿಮೆ ಒಂದೇ ಕಡೆ ಹೋಗುತ್ತಿದ್ದರೆ ಮಾತ್ರ ಅಂಕುಡೊಂಕಾಗಿ ಅಲೆಯಬೇಕಾಗುತ್ತದೆ.

C4 ಮತ್ತು R4 ಎರಡನ್ನೂ ಬದಲಿಸುವ ಬ್ರಿಡ್ಜ್‌ನಲ್ಲಿ ಬೀದಿಗಳು ನೇರವಾಗಿ ಅಡ್ಡ ಹಾಯುತ್ತವೆ. R4 ತಿರುಗಿಸಿದರೆ j ಇಲ್ಲದ ಭಾಗ ಮಾತ್ರ ಕದಲುತ್ತದೆ. C4 ತಿರುಗಿಸಿದರೆ j ಇರುವ ಭಾಗ ಮಾತ್ರ. R4ರಲ್ಲಿ ಶಬ್ದ ಅತಿ ಕಡಿಮೆ ಆಗುವಷ್ಟು ಮಾಡಿ, ಆಮೇಲೆ C4ರಲ್ಲಿ ಅದನ್ನೇ ಮಾಡಿದರೆ ಬಹುಪಾಲು ಮುಗಿದಂತೆ.

ಆದರೆ ಬೆಲೆ ಒಂದಿಷ್ಟೂ ಕದಲದ, ಸಣ್ಣ ಹಂತಗಳಲ್ಲಿ ಬದಲಾಗುವ ಒಳ್ಳೆಯ ಕೆಪ್ಯಾಸಿಟರ್ ಬಾಕ್ಸ್ ದುಬಾರಿ. ಅದಕ್ಕೆ ಹಲವು ಕಾಲೇಜು ಕಿಟ್‌ಗಳಲ್ಲಿ C4 ಅನ್ನು 0.1 ಮೈಕ್ರೋಫ್ಯಾರಡ್‌ನಂಥ ಒಂದು ಬೆಲೆಗೆ ಕಟ್ಟಿಹಾಕಿ, R2 ಮತ್ತು R4 ಬದಲಿಸಲು ಬಿಟ್ಟಿರುತ್ತಾರೆ. ಸೂತ್ರಗಳನ್ನು ಮತ್ತೆ ನೋಡಿ. R2 ಎರಡೂ ಸಾಲುಗಳಲ್ಲಿದೆ. Lx ಸರಿಮಾಡಲು R2 ತಿರುಗಿಸಿದ ಕೂಡಲೇ Rxನ ಸಮತೋಲ ಕೆಡುತ್ತದೆ. ಅದನ್ನು ಸರಿಮಾಡಲು R4 ತಿರುಗಿಸಬೇಕು. ಆಮೇಲೆ ಮತ್ತೆ R2 ಹೊಸ ಜಾಗದಲ್ಲಿ ಕಡಿಮೆ ಶಬ್ದ ಕೊಡುತ್ತದೆ. ಇದಕ್ಕೆ ಸ್ಲೈಡಿಂಗ್ ನಲ್ ಅಂತಾರೆ, ಜಾರುವ ಸೊನ್ನೆ.

ಎಷ್ಟು ಜಾರುತ್ತದೆ ಅನ್ನುವುದು ಕಾಯಿಲ್‌ನ Q ಮೇಲೆ ನಿಂತಿದೆ. ಎರಡೂ ನಾಬ್‌ಗಳನ್ನು ಒಂದೊಂದು ಸಲ ಸರಿಮಾಡಿದರೆ ಒಂದು ಸುತ್ತು ಅಂದುಕೊಳ್ಳಿ. ಒಂದು ಸುತ್ತಿನ ನಂತರ ಉಳಿಯುವ ತಪ್ಪು, ಮೊದಲಿದ್ದ ತಪ್ಪಿನ ಸುಮಾರು 1/(1+Q²) ಭಾಗ. Q 10 ಇದ್ದರೆ ಒಂದೇ ಸುತ್ತಿನಲ್ಲಿ ತಪ್ಪು ನೂರರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ನಮ್ಮ ಕಾಯಿಲ್‌ಗೆ ಜಾರುವಿಕೆ ಗೊತ್ತೇ ಆಗುವುದಿಲ್ಲ. Q 1 ಇದ್ದರೆ ಪ್ರತಿ ಸುತ್ತಿಗೂ ಅರ್ಧ ಮಾತ್ರ ಕಡಿಮೆಯಾಗುತ್ತದೆ. Q ಅರ್ಧ ಇದ್ದರೆ ಒಂದು ಸುತ್ತು ಮುಗಿದ ಮೇಲೂ 80% ತಪ್ಪು ಹಾಗೆಯೇ ಇರುತ್ತದೆ. ಇಂಥ ಕಾಯಿಲ್ ಕೈಗೆ ಬಂದರೆ ನಾಬ್ ಜೊತೆ ಗುದ್ದಾಡುವುದಕ್ಕಿಂತ ಫ್ರೀಕ್ವೆನ್ಸಿ ಏರಿಸುವುದು ಒಳ್ಳೆಯದು. ಫ್ರೀಕ್ವೆನ್ಸಿ ಜಾಸ್ತಿಯಾದರೆ ωLx ಏರುತ್ತದೆ, Q ಕೂಡ ಏರುತ್ತದೆ.

ಶಬ್ದ ಪೂರ್ತಿ ನಿಲ್ಲದಿದ್ದರೆ ಏನು? ಉಳಿದ ಸದ್ದಿನ ಸ್ವರವನ್ನು ಗಮನಿಸಿ. ಬ್ಯಾಲೆನ್ಸ್ ಹತ್ತಿರ ಬಂದಂತೆ 1 ಕಿಲೋಹರ್ಟ್ಸ್‌ನ ಸ್ವರ ಮಾಯವಾಗಿ, ಅದಕ್ಕಿಂತ ತೀಕ್ಷ್ಣವಾದ ಸಣ್ಣ ಕೀರಲು ಉಳಿದರೆ, ಅದು ಹಾರ್ಮೋನಿಕ್ಸ್. ಕಾಯಿಲ್ ಒಳಗೆ ಕಬ್ಬಿಣದ ಕೋರ್ ಇದ್ದರೆ ಕೋರ್ ತಾನೇ ಅವುಗಳನ್ನು ಹುಟ್ಟಿಸುತ್ತದೆ. ಆಗ ಮೂಲ ಸ್ವರ ನಿಂತ ಜಾಗವನ್ನೇ ಬ್ಯಾಲೆನ್ಸ್ ಎಂದು ಹಿಡಿಯಿರಿ. ಅದೇ ಸ್ವರ ಸಣ್ಣದಾಗಿ ಉಳಿದು, ಡಿಟೆಕ್ಟರ್ ವೈರ್ ಹತ್ತಿರ ಕೈ ತಂದಾಗ ಏರಿಳಿದರೆ, ದೋಷ ನಿಮ್ಮ ಕೈ ಮತ್ತು ನೆಲದ ನಡುವಿನ ಅಡ್ಡ ಕೆಪ್ಯಾಸಿಟನ್ಸ್‌ನದು. ವ್ಯಾಗ್ನರ್ ಅರ್ತ್ ಎಂಬ ಹೆಚ್ಚುವರಿ ಜೋಡಣೆ ಇರುವುದು ಇದಕ್ಕೇ.

ಇನ್ನು Rx ವಿಷಯ. ಎರಡು ಉತ್ತರಗಳನ್ನೂ ಒಂದೇ ಸಮ ನಂಬಬೇಡಿ. ನಮ್ಮ ಕಾಯಿಲ್ ಅನ್ನು ಮಲ್ಟಿಮೀಟರ್‌ನಲ್ಲಿ ಅಳೆದರೆ 46.5 ಓಮ್ ಬಂತು ಅಂದುಕೊಳ್ಳಿ. ಬ್ರಿಡ್ಜ್ 50 ಹೇಳುತ್ತದೆ. ಇದರಲ್ಲಿ ತಪ್ಪೇನಿಲ್ಲ. ಮಲ್ಟಿಮೀಟರ್ ಡಿಸಿಯಲ್ಲಿ ತಂತಿಯ ರೆಸಿಸ್ಟನ್ಸ್ ಮಾತ್ರ ನೋಡುತ್ತದೆ. 1 ಕಿಲೋಹರ್ಟ್ಸ್‌ನಲ್ಲಿ ಕೋರ್‌ನ ನಷ್ಟ, ಪಕ್ಕದ ಸುತ್ತುಗಳು ತಂತಿಯೊಳಗೆ ಹುಟ್ಟಿಸುವ ಎಡ್ಡಿ ಕರೆಂಟ್ ನಷ್ಟ, ಎಲ್ಲವೂ ಸೇರಿ Rx ಆಗುತ್ತದೆ. ಬ್ರಿಡ್ಜ್‌ನ ಉತ್ತರ ಡಿಸಿಗಿಂತ ಸ್ವಲ್ಪ ಹೆಚ್ಚು ಇರಬೇಕಾದ್ದೇ. ಕಡಿಮೆ ಬಂದರೆ ಅನುಮಾನ ಪಡಿ.

ಕಡಿಮೆ ಬರುವುದಕ್ಕೆ ಒಂದು ಸಾಮಾನ್ಯ ಕಾರಣ C4. ನಾವು ಅದನ್ನು ಶುದ್ಧ ಕೆಪ್ಯಾಸಿಟರ್ ಅಂತ ಲೆಕ್ಕ ಹಾಕಿದೆವು. ನಿಜವಾದ ಕೆಪ್ಯಾಸಿಟರ್ ಕೂಡ ಸ್ವಲ್ಪ ಶಕ್ತಿ ತಿನ್ನುತ್ತದೆ. ಅದಕ್ಕೆ ಪ್ಯಾರಲಲ್ ಆಗಿ ಕಾಣದ ಒಂದು ದೊಡ್ಡ ರೆಸಿಸ್ಟರ್ ಇದ್ದ ಹಾಗೆ. ಆ ಪಾಲನ್ನು ನಾವು R4 ಡಯಲ್‌ನಲ್ಲಿ ಓದುವುದಿಲ್ಲ. ಹಾಗಾಗಿ Rx ನಿಜಕ್ಕಿಂತ ಕಡಿಮೆ ಕಾಣುತ್ತದೆ. ತಪ್ಪಿನ ಪ್ರಮಾಣ ωLx ಅನ್ನು ಕೆಪ್ಯಾಸಿಟರ್‌ನ ಡಿಸಿಪೇಷನ್ ಫ್ಯಾಕ್ಟರ್‌ನಿಂದ ಗುಣಿಸಿದಷ್ಟು. ಪಾಲಿಯೆಸ್ಟರ್ ಕೆಪ್ಯಾಸಿಟರ್‌ಗೆ 1 ಕಿಲೋಹರ್ಟ್ಸ್‌ನಲ್ಲಿ ಅದು 0.005ರಷ್ಟಿದ್ದರೆ, 529ಕ್ಕೆ 2.6 ಓಮ್. ಅಂದರೆ ನಮ್ಮ ಕಾಯಿಲ್‌ನ ನಿಜವಾದ Rx 50 ಅಲ್ಲ, 52.6 ಓಮ್. ಐದು ಪರ್ಸೆಂಟ್ ವ್ಯತ್ಯಾಸ! ಅದೇ ಕೆಪ್ಯಾಸಿಟರ್ Lx ಉತ್ತರವನ್ನು ಬಹುತೇಕ ಮುಟ್ಟುವುದೇ ಇಲ್ಲ. Q ಹೆಚ್ಚಿದಷ್ಟೂ Rxನ ತಪ್ಪು ಹೆಚ್ಚು. ಅದಕ್ಕೇ ಗಂಭೀರ ಅಳತೆಗೆ ಮೈಕಾ ಕೆಪ್ಯಾಸಿಟರ್ ಬಳಸುವುದು.

Q ತುಂಬಾ ಹೆಚ್ಚಿದರೆ ಇನ್ನೊಂದು ಅಡಚಣೆ. ಬ್ಯಾಲೆನ್ಸ್‌ನಲ್ಲಿ Q ಅಂದರೆ ωC4R4 ಕೂಡ ಹೌದು. Q 100 ಬೇಕಾದರೆ, ಅದೇ C4 ಇಟ್ಟುಕೊಂಡರೆ R4 ಸುಮಾರು 1.9 ಲಕ್ಷ ಓಮ್ ಆಗಬೇಕು. ಅಷ್ಟು ದೊಡ್ಡ ಡಿಕೇಡ್ ಬಾಕ್ಸ್ ಎಲ್ಲ ಕಡೆ ಇರುವುದಿಲ್ಲ. ಆಗ R4 ಅನ್ನು C4 ಜೊತೆ ಸೀರೀಸ್‌ನಲ್ಲಿ ಹಾಕುತ್ತಾರೆ. ಅದೇ ಹೇ ಬ್ರಿಡ್ಜ್. ಅಲ್ಲಿ ಸಣ್ಣ R4 ಸಾಕು, ಆದರೆ ω ಮತ್ತೆ Q ಮೂಲಕ ಲೆಕ್ಕದೊಳಗೆ ಬರುತ್ತದೆ:

```
Lx = R2·R3·C4 / (1 + 1/Q²)
```

Q 10ಕ್ಕಿಂತ ಹೆಚ್ಚಿದ್ದರೆ ಕೆಳಗಿನ ಆ 1/Q² ಒಂದು ಪರ್ಸೆಂಟ್‌ಗಿಂತ ಕಡಿಮೆ. ಒರಟು ಅಳತೆಗೆ ಬಿಟ್ಟುಬಿಡಬಹುದು.

ಫ್ರೀಕ್ವೆನ್ಸಿ ಏರಿಸಿ ಅಂತ ಮೇಲೆ ಹೇಳಿದ್ದಕ್ಕೂ ಒಂದು ಮಿತಿ ಇದೆ. ಕಾಯಿಲ್‌ನ ಸುತ್ತುಗಳ ನಡುವೆ ಅದರದ್ದೇ ಕೆಪ್ಯಾಸಿಟನ್ಸ್ ಇರುತ್ತದೆ. ನಮ್ಮ 84.2 ಮಿಲಿಹೆನ್ರಿ ಕಾಯಿಲ್‌ಗೆ ಅದು 100 ಪಿಕೋಫ್ಯಾರಡ್ ಇದ್ದರೆ, 1 ಕಿಲೋಹರ್ಟ್ಸ್‌ನಲ್ಲಿ Lx 0.03% ಮಾತ್ರ ಹೆಚ್ಚು ಕಾಣುತ್ತದೆ. 10 ಕಿಲೋಹರ್ಟ್ಸ್‌ನಲ್ಲಿ ಅದೇ ಕಾಯಿಲ್ ಸುಮಾರು 87.1 ಮಿಲಿಹೆನ್ರಿ ತೋರಿಸುತ್ತದೆ. ಬ್ಯಾಲೆನ್ಸ್ ಅಲ್ಲೂ ಚೆನ್ನಾಗಿಯೇ ಸಿಗುತ್ತದೆ, ಸದ್ದು ಅಲ್ಲೂ ನಿಲ್ಲುತ್ತದೆ. ಆದ್ದರಿಂದ ಎರಡು ಫ್ರೀಕ್ವೆನ್ಸಿಗಳಲ್ಲಿ ಅಳೆದು, ಎರಡು Lx ಬೆಲೆಗಳನ್ನೂ ಪಕ್ಕಪಕ್ಕ ಬರೆದು ನೋಡಿ.