‘ನಾನು ಹಸಿವು’ ಎನ್ನುವ ಮಗುವಿಗೆ ಕನ್ನಡ ಪಾಠ

ವಿದೇಶದ ಮಕ್ಕಳಿಗೆ ಆನ್‌ಲೈನಿನಲ್ಲಿ ಕನ್ನಡ ಕಲಿಸುತ್ತೇನೆ ಎಂದು ಹೊರಡುವವರು ಮೊದಲ ದಿನವೇ ಅ, ಆ, ಇ, ಈ ಬರೆಸುತ್ತಾರೆ. ನಾನೂ ಹಾಗೆಯೇ ಶುರು ಮಾಡಿದ್ದೆ. ಎರಡು ತಿಂಗಳಲ್ಲಿ ಆರು ಮಕ್ಕಳಲ್ಲಿ ನಾಲ್ವರು ಬಿಟ್ಟುಹೋದರು. ಸ್ವರಗಳೆಲ್ಲ ಬಾಯಿಪಾಠ ಆಗಿದ್ದವು, ಆದರೆ ಓದಲು ಒಂದು ಪದವೂ ಕೈಗೆ ಸಿಕ್ಕಿರಲಿಲ್ಲ.

ಈಗ ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿಯ ಕ್ರಮ ಹಿಡಿದಿದ್ದೇನೆ. ಮೊದಲು ರ, ಗ, ಸ, ದ, ಅ. ಕಾಗುಣಿತ, ಒತ್ತಕ್ಷರ ಏನೂ ಇಲ್ಲದೆ ಈ ಐದರಲ್ಲೇ ಸರ, ರಸ, ಅರಸ, ಗರಗಸ ಓದಬಹುದು. ಮಗು ನಿಜವಾಗಿ ಓದುತ್ತಿದೆಯೋ, ನೆನಪಿನಿಂದ ಹೇಳುತ್ತಿದೆಯೋ ತಿಳಿಯಲು ಹೇಳಿಕೊಡದೇ ಇದ್ದ ‘ಅಗಸ’ವನ್ನು ಮುಂದಿಡುತ್ತೇನೆ. ತಡವರಿಸುತ್ತಾ ಒಂದೊಂದೇ ಅಕ್ಷರ ಕೂಡಿಸಿದರೆ ಓದುತ್ತಿದೆ ಎಂದರ್ಥ. ಥಟ್ಟನೆ ‘ಅರಸ’ ಎಂದುಬಿಟ್ಟರೆ ಇನ್ನೊಂದು ವಾರ ಅಲ್ಲೇ ನಿಲ್ಲುತ್ತೇನೆ.

ಆದರೆ ತಂದೆತಾಯಿ ಹಣ ಕೊಡುವುದು ಮಗು ಅಜ್ಜಿಯ ಜೊತೆ ಫೋನಿನಲ್ಲಿ ಮಾತಾಡಲಿ ಎಂದು. ನ್ಯೂಜೆರ್ಸಿಯ ಏಳು ವರ್ಷದ ಒಬ್ಬ ಹುಡುಗಿಗೆ ಮನೆಯ ಕನ್ನಡವೆಲ್ಲ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಒತ್ತಾಯಿಸಿದರೆ ‘ನಾನು ಹಸಿವು’ ಎನ್ನುತ್ತಿದ್ದಳು. ಇಂಗ್ಲಿಷಿನಲ್ಲಿ ಹಸಿಯುವುದು ‘ನಾನು’, ಕನ್ನಡದಲ್ಲಿ ಹಸಿವಾಗುವುದು ‘ನನಗೆ’. ಹುಟ್ಟಿನಿಂದ ಕನ್ನಡ ಆಡುವ ನಮಗೆ ಈ ವ್ಯತ್ಯಾಸ ಕಣ್ಣಿಗೇ ಬೀಳುವುದಿಲ್ಲ. ಅದಕ್ಕೇ ‘ತಪ್ಪು, ಸರಿಯಾಗಿ ಹೇಳು’ ಎಂದು ಬಿಡುತ್ತೇವೆ. ಮಗು ಬಾಯಿ ಮುಚ್ಚಿಕೊಳ್ಳುತ್ತದೆ. ನಾನು ವ್ಯಾಕರಣ ಹೇಳಲಿಲ್ಲ. ‘ನಂಗೆ’ ಒಂದನ್ನೇ ಹಿಡಿದು ನಂಗೆ ಹಸಿವು, ನಂಗೆ ನಿದ್ದೆ, ನಂಗೆ ಚಳಿ, ನಂಗೆ ಬೇಕು, ನಂಗೆ ಗೊತ್ತು ಎಂದು ಮೂರು ವಾರ ಆಡಿಸಿದೆ, ಗೊಂಬೆ ಕೈಗೆ ಕೊಟ್ಟು ‘ಅದಕ್ಕೆ ಏನು ಬೇಕಂತೆ?’ ಎಂದು ಕೇಳಿದೆ. ನಾಲ್ಕನೇ ವಾರ ಪಾಠದ ಮಧ್ಯೆ ಅವಳೇ ಅಮ್ಮನತ್ತ ತಿರುಗಿ ‘ಅಮ್ಮಾ, ನಂಗೆ ನೀರು’ ಎಂದಳು. ಆ ತಾಯಿಯ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಅರ್ಥವಾಗುವ ಮಗುವನ್ನೂ ಏನೂ ಅರ್ಥವಾಗದ ಮಗುವನ್ನೂ ಒಂದೇ ಬ್ಯಾಚಿಗೆ ಹಾಕಬೇಡಿ. ಇಬ್ಬರಲ್ಲಿ ಒಬ್ಬರು ಬೇಸತ್ತು ಹೋಗುತ್ತಾರೆ. ಹತ್ತು ನಿಮಿಷದ ಪರಿಚಯದಲ್ಲೇ ಇದು ಗೊತ್ತಾಗುತ್ತದೆ: ‘ಕಿವಿ ಮುಟ್ಟಿಕೋ, ಎದ್ದು ನಿಲ್ಲು’ ಎಂದು ಹೇಳಿ ನೋಡಿ. ಬ್ಯಾಚಿಗೆ ನಾಲ್ಕೇ ಮಕ್ಕಳು, ಪಾಠ ನಲವತ್ತು ನಿಮಿಷ. ಐದನೆಯವರನ್ನು ಸೇರಿಸಿದರೆ ಆದಾಯ ಹೆಚ್ಚುತ್ತದೆ, ಆದರೆ ಪ್ರತಿ ಮಗು ಬಾಯಿ ಬಿಡುವ ಸಮಯ ಕಡಿಮೆಯಾಗುತ್ತದೆ.

ಕೊನೆಗೆ ಗಡಿಯಾರದ ವಿಷಯ. ನ್ಯೂಜೆರ್ಸಿಯ ಶನಿವಾರ ಬೆಳಿಗ್ಗೆ 9 ಗಂಟೆ ಬೇಸಿಗೆಯಲ್ಲಿ ನಮಗೆ ಸಂಜೆ 6.30, ಚಳಿಗಾಲದಲ್ಲಿ 7.30. ಅಲ್ಲಿ ಗಡಿಯಾರ ಬದಲಾಗುವುದು ಮಾರ್ಚ್‌ನ ಎರಡನೇ ಮತ್ತು ನವೆಂಬರ್‌ನ ಮೊದಲನೇ ಭಾನುವಾರ, ಬ್ರಿಟನ್ನಿನಲ್ಲಿ ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ. ಒಂದು ನವೆಂಬರ್‌ನಲ್ಲಿ ನಾನು ಇದನ್ನು ಮರೆತು ಖಾಲಿ ಪರದೆಯ ಮುಂದೆ ಒಂದು ಗಂಟೆ ಕೂತಿದ್ದೆ. ಈಗ ಆ ವಾರಕ್ಕೆ ಮೊದಲೇ ಎಲ್ಲ ತಂದೆತಾಯಿಯರಿಗೂ ಎರಡೂ ಊರಿನ ಸಮಯ ಬರೆದು ಕಳಿಸುತ್ತೇನೆ.