ತಡೆಗೋಡೆಯ ಕಲ್ಲಿನ ಲೆಕ್ಕ: ಜಗಳ ತೂತಿಗೆ, ತಪ್ಪು ಬೇರೆಡೆ

ಮಲೆನಾಡಿನ ರಸ್ತೆ ಪಕ್ಕ ಸೈಜುಗಲ್ಲಿನ ತಡೆಗೋಡೆ ಕಟ್ಟಿ ಮುಗಿದ ಮೇಲೆ, ಬಿಲ್ಲಿನ ಮುಂದೆ ಕೂತವರು ಮೊದಲು ಕೇಳುವುದು ವೀಪ್ ಹೋಲ್ ಬಗ್ಗೆ. ನೀರು ಬಸಿಯಲು ಅಷ್ಟು ತೂತು ಬಿಟ್ಟಿದ್ದೀರಲ್ಲ, ಅಲ್ಲಿ ಕಲ್ಲೇ ಇಲ್ಲ, ಕಳೆಯಬೇಡವೇ? ನ್ಯಾಯವಾದ ಪ್ರಶ್ನೆಯೇ. ಆದರೆ ಲೆಕ್ಕ ಹೆಚ್ಚು ತಪ್ಪುವುದು ಬೇರೆ ಕಡೆ.

ಒಂದು ಗೋಡೆ ತೆಗೆದುಕೊಳ್ಳೋಣ. ಉದ್ದ 20 ಮೀಟರ್, ಮೇಲ್ತುದಿಯ ದಪ್ಪ ಅರ್ಧ ಮೀಟರ್. ಹೊರಮುಖ ನೆಟ್ಟಗಿದೆ, ಮಣ್ಣಿನ ಕಡೆ ಓರೆ ಇದೆ. ಒಂದು ಮೀಟರ್ ಕೆಳಗಿಳಿದಂತೆ ದಪ್ಪ ಮೂರನೇ ಒಂದು ಮೀಟರ್ ಜಾಸ್ತಿಯಾಗುತ್ತದೆ. ನೆಲ ಏರುವುದರಿಂದ ಗೋಡೆಯ ಎತ್ತರ ಒಂದು ತುದಿಯಲ್ಲಿ 3 ಮೀಟರ್, ಇನ್ನೊಂದರಲ್ಲಿ 1 ಮೀಟರ್. ಪಾಯ ಬೇರೆ ಲೆಕ್ಕ.

ಎತ್ತರದ ತುದಿಯಲ್ಲಿ ಬುಡದ ದಪ್ಪ 1.5 ಮೀಟರ್. ಸರಾಸರಿ ದಪ್ಪ 1 ಮೀಟರ್, ಹಾಗಾಗಿ ಅಡ್ಡ ಕೊಯ್ತದ ವಿಸ್ತೀರ್ಣ 3 ಚದರ ಮೀಟರ್. ಗಿಡ್ಡ ತುದಿಯಲ್ಲಿ ಅದು 0.67. ಎರಡನ್ನೂ ಕೂಡಿಸಿ, ಅರ್ಧ ಮಾಡಿ, 20ರಿಂದ ಗುಣಿಸಿದರೆ 36.67 ಘನ ಮೀಟರ್. ಹೆಚ್ಚಿನವರು ಬರೆಯುವುದು ಇದನ್ನೇ, ಮತ್ತು ಇದು ತಪ್ಪು. ಎತ್ತರ ಇಳಿದಾಗ ದಪ್ಪವೂ ಜೊತೆಗೇ ಇಳಿಯುತ್ತದೆ, ಅಲ್ವಾ? ಅದಕ್ಕೇ ನಟ್ಟನಡುವೆ, 2 ಮೀಟರ್ ಎತ್ತರದಲ್ಲಿ, ವಿಸ್ತೀರ್ಣ 1.83 ಅಲ್ಲ, 1.67 ಮಾತ್ರ. ಸರಿಯಾದ ದಾರಿ ಎಂದರೆ ನಡುವಿನ ವಿಸ್ತೀರ್ಣವನ್ನು ನಾಲ್ಕು ಸಲ ಎಣಿಸಿ, ಎರಡು ತುದಿಗಳದ್ದನ್ನು ಸೇರಿಸಿ, 6ರಿಂದ ಭಾಗಿಸಿ, ಉದ್ದದಿಂದ ಗುಣಿಸುವುದು. ಆಗ ಬರುವುದು 34.44. ಎರಡು ಘನ ಮೀಟರಿಗೂ ಜಾಸ್ತಿ ಕಲ್ಲು ಸುಮ್ನೆ ಕಾಗದದ ಮೇಲೆ ಹುಟ್ಟಿತ್ತು!

ಈಗ ತೂತುಗಳು. 10 ಸೆಂಟಿಮೀಟರ್ ಪೈಪು, ಒಂದೂವರೆ ಮೀಟರಿಗೊಂದು. ನೆಲದಿಂದ ಅರ್ಧ ಮೀಟರ್ ಮೇಲೆ 13, ಗೋಡೆ ಹೆಚ್ಚು ಎತ್ತರವಿರುವ ಅರ್ಧ ಉದ್ದದಲ್ಲಿ ಅದರ ಮೇಲೆ ಇನ್ನೊಂದು ಸಾಲು 7 ಎಂದಿಟ್ಟುಕೊಳ್ಳಿ. ಎಲ್ಲ ಪೈಪುಗಳ ಉದ್ದ ಕೂಡಿಸಿದರೆ ಹತ್ತಿರ ಹತ್ತಿರ 19 ಮೀಟರ್, ಅವು ತಿಂದ ಜಾಗ 0.15 ಘನ ಮೀಟರ್. ಭಾರತೀಯ ಅಳತೆ ಮಾನಕ ಐಎಸ್ 1200 ಪ್ರಕಾರ ಕಲ್ಲುಕಟ್ಟಡದಲ್ಲಿ ತಲಾ 0.1 ಚದರ ಮೀಟರ್‌ವರೆಗಿನ ತೆರವನ್ನು ಕಳೆಯುವಂತಿಲ್ಲ. ನಮ್ಮ ತೂತಿನ ಬಾಯಿ 0.008 ಕೂಡ ಇಲ್ಲ. ಇದು ಸರಿಯಾದ ನಿಯಮವೇ. ಪೈಪಿನ ಸುತ್ತ ಕಲ್ಲು ಒಡೆದು ಕೂರಿಸುವ ಕೆಲಸ ಮೇಸ್ತ್ರಿಗೆ ಕಡಿಮೆಯಲ್ಲ.

ಇನ್ನೊಂದು ಎಚ್ಚರ: ಎತ್ತರವನ್ನು ಓರೆ ಮುಖದ ಮೇಲೆ ಟೇಪು ಹಾಸಿ ಅಳೆಯಬಾರದು. 3 ಮೀಟರ್ ಅಲ್ಲಿ 3.16 ಆಗಿಬಿಡುತ್ತದೆ.

ಗೋಡೆಯ ಹಿಂದೆ ಜಲ್ಲಿ, ಮಣ್ಣು ತುಂಬಿದ ಮೇಲೆ ದಪ್ಪ ಕಾಣುವುದಿಲ್ಲ. ಆಗ ಆ ತೂತುಗಳೇ ನೆರವಿಗೆ ಬರುತ್ತವೆ. ಎತ್ತರದ ತುದಿಯಲ್ಲಿ ಕೆಳಸಾಲಿನ ತೂತಿಗೆ ಕಂಬಿ ತೂರಿಸಿ. ಅದು ಹಿಂದಿನ ಜಲ್ಲಿಗೆ ತಾಗುವಾಗ 1.33 ಮೀಟರ್ ಒಳಗೆ ಹೋಗಿರಬೇಕು. ಒಂದು ಮೀಟರಿಗೇ ನಿಂತರೆ ಪೈಪಿಗೆ ಗಾರೆ ಕಟ್ಟಿರಬಹುದು, ಪಕ್ಕದ ತೂತುಗಳನ್ನೂ ನೋಡಿ. ಅಲ್ಲೂ ಕಂಬಿ ಅಲ್ಲೇ ನಿಂತರೆ ಗೋಡೆಯನ್ನೇ ತೆಳ್ಳಗೆ ಕಟ್ಟಿರುವ ಸಾಧ್ಯತೆ ಹೆಚ್ಚು, ಆ ಜಾಗದಲ್ಲಿ ಮಣ್ಣು ತೆಗೆಸಿ ಅಳೆಯಬೇಕು.