ಟೈಲರ್ ಅಂಗಡಿಗೆ ಆ್ಯಪ್: ಡೆವಲಪರ್‌ಗೆ ಏನಂತ ಬರೆದು ಕೊಡಬೇಕು?

ಪ್ರಶ್ನೆ: ನಮ್ಮದು ಲೇಡೀಸ್ ಟೈಲರ್ ಅಂಗಡಿ. ಯಾವ ಆರ್ಡರ್ ಎಲ್ಲಿಗೆ ಬಂತು ಅಂತ ನೋಡೋಕೆ ಒಂದು ಆ್ಯಪ್ ಮಾಡಿಸ್ತಿದ್ದೇನೆ. ಡೆವಲಪರ್ "ಏನೇನು ಬೇಕು ಬರೆದು ಕೊಡಿ" ಅಂದಿದ್ದಾರೆ. ಹೇಗೆ ಬರೆಯಲಿ?

ಉತ್ತರ: "ಆರ್ಡರ್ ಟ್ರ್ಯಾಕ್ ಆಗಬೇಕು" ಅಂತ ಬರೆದರೆ ಡೆವಲಪರ್ ಒಂದು ಬಿಲ್‌ಗೆ ಒಂದೇ ಸ್ಥಿತಿ ಇಟ್ಟುಬಿಡಬಹುದು. ಅಲ್ಲೇ ಎಡವಟ್ಟು ಆಗೋದು. ನಿಮ್ಮ ಅಂಗಡಿಯಲ್ಲಿ ಓಡಾಡೋದು ಬಿಲ್ ಅಲ್ಲ, ಪೀಸ್, ಅಲ್ವಾ?

ಬಿಲ್ ನಂಬರ್ 412 ಅಂದುಕೊಳ್ಳಿ. ಮೂರು ಬ್ಲೌಸ್, ಒಂದು ಸೀರೆಗೆ ಕುಚ್ಚು. ಮೊದಲನೇ ಬ್ಲೌಸ್ ಹುಕ್ಸ್ ಹಾಕಿ ಐರನ್ ಆಗಿದೆ. ಎರಡನೆಯದು ಆರಿ ವರ್ಕ್‌ಗೆ ಹೊರಗೆ ಹೋಗಿದೆ. ಮೂರನೆಯದಕ್ಕೆ ಮ್ಯಾಚಿಂಗ್ ಲೈನಿಂಗ್ ಬಟ್ಟೆ ಇನ್ನೂ ಬಂದಿಲ್ಲ. ಸೀರೆ ಕುಚ್ಚು ಕಟ್ಟುವವರ ಮನೆಯಲ್ಲಿದೆ. ಈಗ ಈ ಬಿಲ್‌ನ ಸ್ಥಿತಿ ಏನು? ಮೊದಲ ಬ್ಲೌಸ್ ಮುಗಿದಾಗಲೇ ಯಾರೋ "ರೆಡಿ" ಒತ್ತಿದರೆ ಗ್ರಾಹಕರಿಗೆ ಮೆಸೇಜ್ ಹೋಗುತ್ತದೆ, ಅವರು ಆಟೋ ಹಿಡಿದು ಬಂದು ಒಂದೇ ಬ್ಲೌಸ್ ನೋಡಿ ಬೇಜಾರಾಗಿ ವಾಪಸ್ ಹೋಗುತ್ತಾರೆ.

ಹಾಗಾಗಿ ಹೀಗೆ ಬರೆಯಿರಿ: "ಪ್ರತಿ ಪೀಸ್‌ಗೂ ಬೇರೆ ನಂಬರ್ ಬೇಕು, 412-1, 412-2 ಹೀಗೆ. ಅದೇ ನಂಬರಿನ ಚೀಟಿಯನ್ನು ನಾವು ಬಟ್ಟೆಗೆ ಪಿನ್ ಮಾಡುತ್ತೇವೆ. ಕಟಿಂಗ್, ಹೊಲಿಗೆ, ಹುಕ್ಸ್, ಐರನ್, ರೆಡಿ, ಕೊಟ್ಟಾಯ್ತು, ಇವು ಪೀಸ್‌ನ ಹಂತಗಳು. ಹೊರಗಿನ ಕೆಲಸಕ್ಕೆ ಹೋದರೆ ಯಾರ ಹತ್ತಿರ, ಯಾವತ್ತು ಹೋಯಿತು ಅಂತ ಕಾಣಬೇಕು. ಟ್ರಯಲ್ ನೋಡಿ ಬಿಗಿ ಅಂದರೆ ರೆಡಿಯಿಂದ ಮತ್ತೆ ಹೊಲಿಗೆಗೆ ಹೋಗುವಂತಿರಬೇಕು."

ಆ ಕೊನೆಯ ಸಾಲು ಬಿಡಲೇಬೇಡಿ. ಹಂತಗಳು ಮುಂದಕ್ಕೆ ಮಾತ್ರ ಹೋಗುವಂತೆ ಮಾಡಿಬಿಟ್ಟರೆ ಆಲ್ಟ್ರೇಷನ್‌ಗೆ ಜಾಗವೇ ಇರುವುದಿಲ್ಲ, ಆಗ ಹುಡುಗರು ಸುಮ್ನೆ ಹೊಸ ಬಿಲ್ ಮಾಡಲು ಶುರು ಮಾಡುತ್ತಾರೆ.

ದುಡ್ಡು ಮಾತ್ರ ಬಿಲ್ ಮೇಲೇ ಇರಲಿ. ಒಟ್ಟು 4,600, ಅಡ್ವಾನ್ಸ್ 2,000. ಒಂದು ಬ್ಲೌಸ್ ತೆಗೆದುಕೊಂಡು 500 ಕೊಟ್ಟರೆ ಬಾಕಿ 2,100. ಒಂದು ಪೀಸ್ ಹೋಯಿತು ಅಂತ ಬಿಲ್ ಮುಚ್ಚಿಹೋಗಬಾರದು.

ಇನ್ನು ಅಳತೆ. ಎಲ್ಲರೂ ಮರೆಯೋದು ಇದನ್ನೇ. ಗ್ರಾಹಕರ ಹೆಸರಿಗೆ ಒಂದೇ ಅಳತೆ ಇಟ್ಟರೆ, ಎದೆ ಸುತ್ತಳತೆ 36 ಇದ್ದದ್ದು 37 ಆದಾಗ ಹಳೆಯದು ಅಳಿಸಿಹೋಗುತ್ತದೆ. ಆಮೇಲೆ ಹಳೇ ಬ್ಲೌಸ್ ತಂದು "ಬಿಗಿ ಹೊಲಿದಿದ್ದೀರಿ" ಅಂದರೆ ಅದನ್ನು ಯಾವ ಅಳತೆಗೆ ಹೊಲಿದಿದ್ದು ಅಂತ ತೋರಿಸಲು ನಿಮ್ಮ ಹತ್ತಿರ ಏನೂ ಇರೋದಿಲ್ಲ. "ಬಿಲ್ ಹಾಕಿದ ದಿನದ ಅಳತೆ ಆ ಪೀಸ್ ಜೊತೆಗೇ ಉಳಿಯಬೇಕು, ಆಮೇಲೆ ಬದಲಾಗಬಾರದು" ಅಂತ ಬರೆಯಿರಿ.

ಕೊನೆಗೆ ನಿಮ್ಮ ಬಿಲ್ ಬುಕ್‌ನಿಂದ ಇಂಥದ್ದೇ ಗೋಜಲಿನ ಒಂದು ಬಿಲ್ ಆರಿಸಿ, ಹೆಸರು, ಫೋನ್ ನಂಬರ್ ಮರೆಮಾಡಿ ಫೋಟೋ ತೆಗೆದು ಪತ್ರದ ಜೊತೆ ಕಳಿಸಿ. ಡೆವಲಪರ್‌ಗೆ ಬಾಕಿ ದುಡ್ಡು ಕೊಡುವ ಮೊದಲು ಅವರು ಅದೇ ಬಿಲ್ ಅನ್ನು ಆ್ಯಪ್‌ನಲ್ಲಿ ಹಾಕಿ ತೋರಿಸಬೇಕು ಅಂತ ಈಗಲೇ ಮಾತಾಡಿಕೊಳ್ಳಿ.